ಕಾಮಾ ಎಲ್ಲಿ, ಚುಕ್ಕೆ ಎಲ್ಲಿ: ಜರ್ಮನಿ, ಫ್ರಾನ್ಸ್‌ಗೆ ಹೊಸದಾಗಿ ಬಂದವರಿಗೆ

ಜರ್ಮನಿಯಲ್ಲಿ ಮನೆ ಬಾಡಿಗೆ ಕರಾರು ಕೈಗೆ ಬಂದಾಗ ಮೊದಲು ಗೊಂದಲವಾಗುವುದು ಅಂಕಿಗಳಲ್ಲಿ. ಕಾಲ್ಟ್‌ಮೀಟೆ, ಅಂದರೆ ಬರಿಯ ಬಾಡಿಗೆ, 980,00 €. ನೇಬೆನ್‌ಕೋಸ್ಟೆನ್, ಅಂದರೆ ನೀರು, ಹೀಟಿಂಗ್, ಕಸದ ಖರ್ಚು, 215,50 €. ಒಟ್ಟು 1.195,50 €. ಇದು ಸಾವಿರದ ನೂರ ತೊಂಬತ್ತೈದು ಯೂರೋ, ಐವತ್ತು ಸೆಂಟ್. ಊರಿನಲ್ಲಿ ನಾವು 1,195.50 ಎಂದು ಬರೆಯುತ್ತಿದ್ದುದೇ ಇಲ್ಲಿ ತಿರುವುಮುರುವಾಗಿದೆ. ಠೇವಣಿ ಕಾಲ್ಟ್‌ಮೀಟೆಯ ಮೂರು ಪಟ್ಟು ಮೀರುವಂತಿಲ್ಲ. ಇಲ್ಲಿ ಅದು ಹೆಚ್ಚೆಂದರೆ 2.940,00 €. ಅದನ್ನು ಎರಡು ಯೂರೋ ಚಿಲ್ಲರೆ ಎಂದು ಓದಬೇಡಿ.

ಫ್ರೆಂಚ್‌ನಲ್ಲಿ ಸಾವಿರಕ್ಕೆ ಚುಕ್ಕೆಯ ಬದಲು ಸಣ್ಣ ಖಾಲಿ ಜಾಗ: 1 195,50 €. ನೆನಪಿಡಬೇಕಾದ್ದು ಒಂದೇ: ಎರಡೂ ಭಾಷೆಗಳಲ್ಲಿ ಕಾಮಾ ಬಂತೆಂದರೆ ದಶಮಾಂಶ. ನಮ್ಮ 1,25,000 ಜರ್ಮನ್‌ನಲ್ಲಿ 125.000, ಫ್ರೆಂಚ್‌ನಲ್ಲಿ 125 000. ಲಕ್ಷದ ಗುಂಪು ಇಲ್ಲಿಲ್ಲ, ಮೂರು ಮೂರರ ಗುಂಪೇ.

"ಮೂರು ಅಂಕಿ ಇದ್ದರೆ ಸಾವಿರ" ಎಂದು ಎಣಿಸುವ ಅಡ್ಡದಾರಿ ಹಿಡಿಯಬೇಡಿ. ಅಂಗಡಿಯ ತೂಕದ ಚೀಟಿಯಲ್ಲಿ 1,250 kg ಎಂದಿದ್ದರೆ ಅದು ಒಂದೂಕಾಲು ಕಿಲೋ. ಮಗುವಿನ ಔಷಧಿ 2,5 ml ಎಂದರೆ ಎರಡೂವರೆ, ಇಪ್ಪತ್ತೈದಲ್ಲ. ಔಷಧಿಯಲ್ಲಿ ಸಂದೇಹ ಬಂದರೆ ಫಾರ್ಮಸಿಯವರಿಂದಲೇ ಸಿರಿಂಜಿನ ಮೇಲೆ ಗುರುತು ಹಾಕಿಸಿಕೊಳ್ಳಿ.

ಹಳೆಯ ಕರೆಂಟ್ ಮೀಟರಿನ ವಿಷಯದಲ್ಲಿ ಇನ್ನೂ ಜೋಪಾನ. ತಿರುಗುವ ಅಂಕಿಗಳ ಸಾಲಿನಲ್ಲಿ ಕೊನೆಯದಕ್ಕೆ ಹೆಚ್ಚಾಗಿ ಕೆಂಪು ಚೌಕಟ್ಟು ಇರುತ್ತದೆ, ಅದರ ಮುಂಚೆ ಕಾಮಾ. ಮೀಟರ್ 12345,6 ತೋರಿಸುವಾಗ ಆನ್‌ಲೈನ್ ಫಾರ್ಮಿನಲ್ಲಿ 123456 ತುಂಬಿದರೆ ರೀಡಿಂಗ್ ಹತ್ತು ಪಟ್ಟಾಗುತ್ತದೆ. ಬಳಕೆ ವಿಪರೀತ ಹೆಚ್ಚಿದೆ ಎಂಬ ಎಚ್ಚರಿಕೆ ಅಥವಾ ನಂಬಲಾಗದ ಬಿಲ್ ಬಂದರೆ ಮೊದಲು ಈ ಕೊನೆಯ ಅಂಕಿಯನ್ನೇ ನೋಡಿ. ಮೀಟರಿನ ಫೋಟೋ ತೆಗೆದಿಟ್ಟಿದ್ದರೆ ತಿದ್ದಿಸುವುದು ಸುಲಭ.

ನೀವೇ ಹಣ ಕಳಿಸುವಾಗ ಸಾವಿರದ ಗುರುತನ್ನು ಬಿಟ್ಟೇಬಿಡಿ. 1195,50 ಎಂದಷ್ಟೇ ಟೈಪ್ ಮಾಡಿ. ಫೋನಿನ ಭಾಷೆ ಇಂಗ್ಲಿಷ್ ಆಗಿದ್ದರೆ ಆ್ಯಪ್ ಚುಕ್ಕೆಯನ್ನೇ ಕೇಳಬಹುದು. ಹಾಗಾಗಿ ಒಪ್ಪಿಗೆ ಕೊಡುವ ಮುನ್ನ ಕೊನೆಯ ಪರದೆಯಲ್ಲಿ ಮೊತ್ತವನ್ನು ಬಾಯಿಬಿಟ್ಟು ಓದಿಕೊಳ್ಳಿ.

ತಾರೀಖಿನಲ್ಲಿ ನಮಗೆ ಹೆಚ್ಚು ತೊಂದರೆಯಿಲ್ಲ, ದಿನ-ತಿಂಗಳು-ವರ್ಷ ಎಂಬ ನಮ್ಮ ಕ್ರಮವೇ ಇಲ್ಲೂ. ಜರ್ಮನ್‌ನಲ್ಲಿ 03.04.2025, ಫ್ರೆಂಚ್‌ನಲ್ಲಿ 03/04/2025, ಎರಡೂ ಏಪ್ರಿಲ್ 3. ಅಮೆರಿಕನ್ ಕಂಪನಿಯಿಂದ ವರ್ಗವಾಗಿ ಬಂದವರು ಮಾತ್ರ ಇದನ್ನು ಮಾರ್ಚ್ 4 ಎಂದು ಓದಿಕೊಳ್ಳುತ್ತಾರೆ. ಅಕ್ಷರದಲ್ಲಿ ಬರೆಯುವಾಗ ಜರ್ಮನ್‌ನಲ್ಲಿ ದಿನದ ಅಂಕಿಯ ಮುಂದೆ ಚುಕ್ಕೆ ಬೇಕು, 3. April, ಅದು "ಮೂರನೆಯ" ಎಂಬುದರ ಗುರುತು. ಫ್ರೆಂಚ್‌ನಲ್ಲಿ ಚುಕ್ಕೆಯಿಲ್ಲ, ತಿಂಗಳ ಹೆಸರು ಸಣ್ಣ ಅಕ್ಷರದಲ್ಲಿ: 3 avril. ಒಂದನೇ ತಾರೀಖಿಗೆ ಮಾತ್ರ 1er avril.

ಕೈಬರಹದ ಫಾರ್ಮಿನಲ್ಲಿ 7ಕ್ಕೆ ನಡುವೆ ಅಡ್ಡಗೆರೆ ಎಳೆಯಿರಿ. ಇಲ್ಲಿಯವರು 1ಕ್ಕೆ ಉದ್ದನೆಯ ಮೂಗು ಬರೆಯುವುದರಿಂದ ಗೆರೆಯಿಲ್ಲದ ನಮ್ಮ 7 ಅವರ ಕಣ್ಣಿಗೆ 1 ಆಗಿಬಿಡುತ್ತದೆ.