ದೊಡ್ಡಹಬ್ಬವನ್ನು ಹಿಂದಿಗೆ ಒಯ್ದಾಗ

ನಾನು ಶಿರಸಿ ಕಡೆಯ ಕಥೆಗಳನ್ನು ಹಿಂದಿಗೆ ಅನುವಾದ ಮಾಡುತ್ತೇನೆ. ಇಂಗ್ಲಿಷಿಗಿಂತ ಹಿಂದಿ ಸುಲಭ, ಹಬ್ಬ ದೇವರೆಲ್ಲ ಒಂದೇ ಅಲ್ವಾ ಎಂದು ಜನ ಕೇಳುತ್ತಾರೆ. ನನಗೆ ಜಾಸ್ತಿ ಕೆಲಸ ಕೊಡುವುದು ಈ ‘ಒಂದೇ’ ಅನ್ನುವುದೇ. ಹಿಂದಿಯಲ್ಲಿ ಹೆಸರೇ ಇಲ್ಲದ ಪದವನ್ನು ಹಾಗೇ ಇಟ್ಟುಬಿಡಬಹುದು. ಹತ್ತಿರದ ಹೆಸರೊಂದು ಸಿಕ್ಕಿಬಿಟ್ಟರೆ ಓದುಗರು ಬೇರೆಯೇ ಹಬ್ಬದ ಮನೆಗೆ ಹೋಗಿ ಕೂರುತ್ತಾರೆ.

ಇತ್ತೀಚೆಗೆ ಮಾಡಿದ ಒಂದು ಕಥೆಯಲ್ಲಿ ದೊಡ್ಡಹಬ್ಬ ಬರುತ್ತದೆ. ಸಾಲ ತೀರಿಸಲು ಅಪ್ಪ ಆಕಳನ್ನು ಮಾರಿದ್ದಾನೆ. ಹಬ್ಬದ ದಿನ ಆಯಿ ಅಭ್ಯಾಸದಂತೆ ಅಡಿಕೆ, ಪಚ್ಚೆತೆನೆ, ಚೆಂಡುಹೂವು ಪೋಣಿಸುತ್ತಾಳೆ. ಒಂದು ದಂಡೆ ಹೆಚ್ಚಾಗಿ ಉಳಿಯುತ್ತದೆ. ಕಥೆಯ ತೂಕವೆಲ್ಲ ಆ ದಂಡೆಯ ಮೇಲಿದೆ.

ದೊಡ್ಡಹಬ್ಬ ಎಂದರೆ ನಮ್ಮ ಕಡೆಯ ದೀಪಾವಳಿ. ಆದರೆ ಹಿಂದಿಯಲ್ಲಿ ‘ದಿವಾಲಿ’ ಎಂದ ಕೂಡಲೇ ಅಮಾವಾಸ್ಯೆಯ ರಾತ್ರಿ, ಲಕ್ಷ್ಮೀ ಪೂಜೆ, ಅಯೋಧ್ಯೆಗೆ ಮರಳಿದ ರಾಮ ಕಣ್ಣಮುಂದೆ ಬರುತ್ತಾರೆ. ಕಥೆ ನಡೆಯುವುದು ಮಾರನೆಯ ದಿನ, ಪಾಡ್ಯದಂದು, ಕೊಟ್ಟಿಗೆಯಲ್ಲಿ. ಅದೇ ತಿಥಿಗೆ ಉತ್ತರದಲ್ಲಿ ಗೋವರ್ಧನ ಪೂಜೆ ಇದೆ, ಅಲ್ಲೂ ದನಗಳನ್ನು ಪೂಜಿಸುತ್ತಾರೆ. ಆ ಹೆಸರನ್ನೇ ಹಾಕಿಬಿಡೋಣ ಎನಿಸುವುದು ಸಹಜ. ಹಾಕಿದರೆ ಅಂಗಳದಲ್ಲಿ ಸಗಣಿಯ ಗೋವರ್ಧನ ಬೆಟ್ಟವೂ ಕೃಷ್ಣನೂ ಬಂದುಬಿಡುತ್ತಾರೆ. ನಮ್ಮಲ್ಲಿ ಕೂರಿಸುವುದು ಬಲೀಂದ್ರನನ್ನು.

ಬಲೀಂದ್ರನದು ಇನ್ನೊಂದು ತೊಡಕು. ಹಿಂದಿಯಲ್ಲಿ ‘ಬಲಿ’ ಎಂದರೆ ಮೊದಲು ಹೊಳೆಯುವುದು ಪ್ರಾಣಿಬಲಿ. ‘ಬಲಿ ಪೂಜೆ’ ಎಂದು ಬರೆದರೆ, ಆಕಳು ಕಾಣದ ಕೊಟ್ಟಿಗೆಯ ಪಕ್ಕದಲ್ಲಿ ಆ ಪದ ಭಯಂಕರ ಅರ್ಥ ಕೊಡುತ್ತದೆ. ಅದಕ್ಕೆ ಮೊದಲ ಸಲ ‘ರಾಜಾ ಬಲಿ’ ಎಂದೆ, ಆಮೇಲೆ ‘ಬಲೀಂದ್ರ’. ವಾಮನನ ಕಥೆ ಅವರಿಗೂ ಗೊತ್ತು. ಆ ರಾಜ ವರ್ಷಕ್ಕೊಮ್ಮೆ ತನ್ನ ಜನರನ್ನು ನೋಡಲು ಬರುತ್ತಾನೆ ಎಂಬ ನಂಬಿಕೆಯನ್ನಷ್ಟೇ ಹೇಳಬೇಕಿತ್ತು.

ಹಬ್ಬದ ಹೆಸರನ್ನು ‘ದೊಡ್ಡಹಬ್ಬ’ ಎಂದೇ ಉಳಿಸಿದೆ. ಅಡಿಟಿಪ್ಪಣಿ ಒಂದೇ, ಎರಡು ವಾಕ್ಯದ್ದು: ದೀಪಾವಳಿಯ ಪಾಡ್ಯದಂದು ಬಲೀಂದ್ರನಿಗೂ ದನಗಳಿಗೂ ಪೂಜೆ, ಮನೆಯ ಪ್ರತಿ ದನಕ್ಕೂ ಒಂದೊಂದು ದಂಡೆ. ಪಾಡ್ಯಕ್ಕೂ ಮೊದಲು ಬರುವ ಬೂರೆ ಹಬ್ಬದ ನೀರು ತುಂಬುವ ಶಾಸ್ತ್ರ, ಎಣ್ಣೆಸ್ನಾನ ಎಲ್ಲ ಸೇರಿಸಲು ನನಗೂ ಆಸೆಯಿತ್ತು. ಆದರೆ ಈ ಕಥೆ ಅದನ್ನು ಕೇಳುವುದಿಲ್ಲ. ಟಿಪ್ಪಣಿಯನ್ನು ಮೊದಲ ಪುಟದಲ್ಲೇ ಇಟ್ಟೆ, ಅಲ್ಲಿ ಹುಡುಗ ಹಬ್ಬಕ್ಕೆ ದಿನ ಎಣಿಸುತ್ತಿರುತ್ತಾನೆ. ದಂಡೆ ಉಳಿಯುವ ಸಾಲಿನ ಹತ್ತಿರ ಚಿಕ್ಕ ಅಂಕೆ ಹಾಕಿದರೆ ಓದುಗರ ಕಣ್ಣು ಪುಟದ ಬುಡಕ್ಕೆ ಇಳಿಯುತ್ತದೆ. ಅವರು ಅಳಬೇಕಾದ ಜಾಗದಲ್ಲಿ ಮಾಹಿತಿ ಓದುತ್ತಾರೆ.

ತಿನಿಸಿಗೆ ಟಿಪ್ಪಣಿ ಹಾಕಲಿಲ್ಲ. ಅಪ್ಪ ಊಟದ ಕೊನೆಗೆ ಅಪ್ಪೆಹುಳಿ ಕುಡಿದು ಜಗುಲಿಯ ಮೇಲೆ ಮಲಗುತ್ತಾನೆ. ಹಿಂದಿಯಲ್ಲಿ ಅದಕ್ಕೆ ಹತ್ತಿರದ ಹೆಸರು ‘ಆಮ್ ಪನ್ನಾ’, ಆದರೆ ಅದು ಬೇಸಿಗೆಯ ಸಿಹಿಹುಳಿ ಪಾನಕ, ತಣ್ಣಗೆ, ಸಕ್ಕರೆ ಜೀರಿಗೆ ಹಾಕಿದ್ದು. ಇದು ಉಪ್ಪುನೀರಲ್ಲಿಟ್ಟ ಮಾವಿನಕಾಯಿ ಕಿವುಚಿ, ಜಾಸ್ತಿ ನೀರು ಬೆರೆಸಿ, ಸಾಸಿವೆ, ಇಂಗು, ಸೂಜಿಮೆಣಸಿನ ಒಗ್ಗರಣೆ ಕೊಟ್ಟದ್ದು. ಅಷ್ಟನ್ನೂ ಹೇಳಿದರೆ ಅಡುಗೆ ಪುಸ್ತಕವಾಗುತ್ತದೆ. ಹಿಂದಿಯಲ್ಲಿ ನಾನು ಬರೆದದ್ದು ಹೀಗೆ: ಅಪ್ಪ ಅಪ್ಪೆಹುಳಿಯ ಲೋಟ ಎತ್ತಿದ, ಮಾವಿನ ಆ ತೆಳು ಖಾರದ ಹುಳಿ ಗಂಟಲಿಗೆ ಇಳಿದಂತೆ ಕಣ್ಣು ಎಳೆಯತೊಡಗಿತು. ಏನು, ಹೇಗೆ ಸೇವಿಸುತ್ತಾರೆ, ಏನು ಮಾಡುತ್ತದೆ, ಇಷ್ಟು ಸಾಕು.

ಪದ ಉಳಿಸಿಕೊಂಡರೆ ಹಿಂದಿ ಇನ್ನೆರಡು ಪ್ರಶ್ನೆ ಕೇಳುತ್ತದೆ. ಒಂದು, ಗಂಡೋ ಹೆಣ್ಣೋ. ಅಲ್ಲಿ ಕ್ರಿಯಾಪದ, ವಿಶೇಷಣ ಅದಕ್ಕೆ ತಕ್ಕಂತೆ ಬದಲಾಗುತ್ತವೆ. ಅಪ್ಪೆಹುಳಿಯ ಕೊನೆಯ ಸ್ವರದಿಂದ ಅದು ಸ್ತ್ರೀಲಿಂಗವಾಗಿ ಕಿವಿಗೆ ಹೊಂದುತ್ತದೆ. ಹಬ್ಬಕ್ಕೆ ಅವರ ‘ತ್ಯೋಹಾರ್’ ಪುಲ್ಲಿಂಗ, ದೊಡ್ಡಹಬ್ಬವನ್ನೂ ಹಾಗೇ ಮಾಡಿದೆ. ಎರಡು, ನಮ್ಮ ‘ಳ’. ದೇವನಾಗರಿಯಲ್ಲಿ ಆ ಅಕ್ಷರ ಇದೆ, ಮರಾಠಿಯವರು ದಿನಾ ಬಳಸುತ್ತಾರೆ. ಹಿಂದಿ ಓದುಗರು ಮಾತ್ರ ಅಲ್ಲಿ ಎಡವುತ್ತಾರೆ. ಅದಕ್ಕೇ ‘ಲ’ ಬರೆದೆ. ನಮಗೆ ಅದು ಹುಲಿಯಾಗಿ ಕೇಳುತ್ತದೆ ನಿಜ, ಆದರೆ ಪುಸ್ತಕ ಓದುವವರು ನಾವಲ್ಲ. ಎರಡೂ ತೀರ್ಮಾನಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಇಲ್ಲದಿದ್ದರೆ ಇನ್ನೊಂದು ಕಥೆಗೆ ಹೋಗುವಷ್ಟರಲ್ಲಿ ಲಿಂಗವೂ ಬದಲಾಗುತ್ತದೆ, ಕಾಗುಣಿತವೂ ಬದಲಾಗುತ್ತದೆ.

ಪರೀಕ್ಷೆ ಮಾಡಲು ಕಾರವಾರ ಒಳ್ಳೆಯ ಊರು. ಕೈಗಾ ಮತ್ತು ನೌಕಾನೆಲೆಯಿಂದಾಗಿ ಉತ್ತರದ ಕುಟುಂಬಗಳು ತುಂಬಾ ಇವೆ. ಲಖನೌ ಕಡೆಯ ಒಬ್ಬ ಹೆಂಗಸಿಗೆ ಕಥೆ ಓದಲು ಕೊಟ್ಟೆ. ‘ಅರ್ಥವಾಯಿತೇ’ ಎಂದು ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ, ಹಾಗೆ ಕೇಳಬಾರದು. ‘ಕೊಟ್ಟಿಗೆಯಲ್ಲಿ ಏನು ನಡೆಯಿತು, ನಿಮ್ಮ ಮಾತಲ್ಲಿ ಹೇಳಿ’ ಎಂದೆ. ಬಲೀಂದ್ರನ ಪೂಜೆಯನ್ನು ಅವರು ಸರಿಯಾಗಿಯೇ ಹೇಳಿದರು. ಅಪ್ಪೆಹುಳಿ ಸಿಹಿಯೋ ಎಂದು ಕೇಳಿದೆ. ‘ಅಲ್ಲ, ಖಾರ ಅಂತ ಬರೆದಿದೆಯಲ್ಲ’ ಎಂದರು. ಆಮೇಲೆ ಅವರೇ ಕೇಳಿದರು, ‘ಆ ದಂಡೆಯನ್ನು ಆಕಳು ಕೊಂಡವರ ಮನೆಗೆ ಕಳಿಸಬಹುದಿತ್ತಲ್ಲ ಭೈಯಾ?’