ಒಪ್ಪಿಗೆಯ ಷರತ್ತು ಎರಡೂ ನಿಷೇಧಗಳಿಗೆ ತಗಲುವಂತೆ ವಾಕ್ಯ ಕಟ್ಟಿದ ಕ್ರಮ

ಮೈಸೂರಿನ ಮಳಿಗೆಯೊಂದರ ಇಂಗ್ಲಿಷ್ ಬಾಡಿಗೆ ಕರಾರನ್ನು ಕನ್ನಡಿಸುವಾಗ, ಮಾಲೀಕರ ಒಪ್ಪಿಗೆಯಿಲ್ಲದೆ ಒಳಬಾಡಿಗೆಯನ್ನೂ ಮಾರ್ಪಾಡನ್ನೂ ನಿಷೇಧಿಸುವ ವಾಕ್ಯದಲ್ಲಿ ಆ ಷರತ್ತು ಕೊನೆಯ ಕ್ರಿಯಾಪದಕ್ಕೆ ಮಾತ್ರ ಅಂಟಿಕೊಳ್ಳುತ್ತಿತ್ತು. ಅಲ್ಪವಿರಾಮ ಸೇರಿಸಿದರೂ ಅರ್ಥ ಬದಲಾಗಲಿಲ್ಲ. ವಾಕ್ಯವನ್ನು ಎರಡಾಗಿ ಒಡೆದಾಗಲಂತೂ ಒಳಬಾಡಿಗೆಯ ನಿಷೇಧ ಷರತ್ತೇ ಇಲ್ಲದೆ ಸಂಪೂರ್ಣವಾಯಿತು.

ಕೊನೆಗೆ, ಮೊದಲು ‘ಮಾಡತಕ್ಕದ್ದಲ್ಲ’ ಎಂಬ ಒಂದೇ ಕ್ರಿಯಾಪದವನ್ನು ಅಂತ್ಯದಲ್ಲಿ ಬರೆದು, ಷರತ್ತನ್ನು ಕರ್ತೃಪದದ ಬೆನ್ನಿಗೇ ಇಟ್ಟು, ನಡುವೆ ಕೆಲಸಗಳನ್ನು ಜೋಡಿಸಿದಾಗ ಸರಿಹೋಯಿತು: “ಬಾಡಿಗೆದಾರನು, ಮಾಲೀಕರ ಪೂರ್ವ ಲಿಖಿತ ಒಪ್ಪಿಗೆಯಿಲ್ಲದೆ, (ಅ) ಮಳಿಗೆಯನ್ನಾಗಲಿ ಅದರ ಯಾವುದೇ ಭಾಗವನ್ನಾಗಲಿ ಒಳಬಾಡಿಗೆಗೆ ಕೊಡುವುದು, (ಆ) ಕಟ್ಟಡವನ್ನು ಮಾರ್ಪಡಿಸುವುದು, ಇವೆರಡರಲ್ಲಿ ಯಾವುದನ್ನೂ ಮಾಡತಕ್ಕದ್ದಲ್ಲ.” ತುರ್ತು ದುರಸ್ತಿಯ ವಿನಾಯಿತಿ ಮಾರ್ಪಾಡಿಗಷ್ಟೇ ಸೇರಿದ್ದರಿಂದ, “ಪರಂತು, ತುರ್ತು ದುರಸ್ತಿಗೆ (ಆ) ಅನ್ವಯಿಸತಕ್ಕದ್ದಲ್ಲ” ಎಂದು ಬೇರೆ ವಾಕ್ಯವಾಗಿಸಿದೆ. ಬಳಿಕ (ಅ) ಮತ್ತು (ಆ) ಭಾಗಗಳನ್ನು ಒಂದೊಂದಾಗಿ ಮುಚ್ಚಿ ಓದಿ, ಉಳಿದದ್ದಕ್ಕೆ ಷರತ್ತು ಹಾಗೆಯೇ ತಗಲುವುದನ್ನು ಮೂಲದೊಂದಿಗೆ ತಾಳೆ ನೋಡಿದೆ.