ಕ್ರಿಯಾಟಿನ್ ಶುರು ಮಾಡುವ ಹೆಂಗಸರು ಕ್ಯಾಲೆಂಡರ್ ಏಕೆ ನೋಡಬೇಕು?

ಜಿಮ್‌ಗೆ ಹೋಗುವ ಹೆಂಗಸರು ಸ್ನಾಯುವಿನ ಬಲಕ್ಕೆಂದು ತೆಗೆದುಕೊಳ್ಳುವ ಕ್ರಿಯಾಟಿನ್ ಪುಡಿಯ ಬಗ್ಗೆ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಒಂದು, ಮುಟ್ಟಿನ ದಿನಗಳಲ್ಲಿ ನಿಲ್ಲಿಸಬೇಕಾ? ಇನ್ನೊಂದು, ತೂಕ ಜಾಸ್ತಿಯಾಗುತ್ತಾ? ಎರಡಕ್ಕೂ ಉತ್ತರ ನೀವು ಲೆಕ್ಕ ಹೇಗೆ ಇಡುತ್ತೀರಿ ಎನ್ನುವುದರಲ್ಲಿದೆ. ಮೊದಲ ತಿಂಗಳಲ್ಲೇ "ನನಗೆ ಇದು ಆಗಿಬರಲ್ಲ" ಎಂದು ಡಬ್ಬಿ ಮುಚ್ಚಿಡುವವರಲ್ಲಿ ಹಲವರು ತಪ್ಪು ದಿನವನ್ನು ತಪ್ಪು ದಿನದ ಜೊತೆ ಹೋಲಿಸಿರುತ್ತಾರೆ.

ಕ್ರಿಯಾಟಿನ್ ಹಾರ್ಮೋನ್ ಅಲ್ಲ, ಸ್ಟೀರಾಯ್ಡ್ ಕೂಡ ಅಲ್ಲ. ನಮ್ಮ ದೇಹವೇ ದಿನಕ್ಕೆ ಸುಮಾರು 1 ಗ್ರಾಂ ತಯಾರಿಸುತ್ತದೆ. ಮೀನು, ಮಾಂಸ ತಿನ್ನುವವರಿಗೆ ಊಟದಿಂದಲೂ ಸಿಗುತ್ತದೆ. ಅನ್ನ, ಬೇಳೆ, ತರಕಾರಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಹಾಲಿನಲ್ಲೂ ಅಲ್ಪವೇ. ಹಾಗಾಗಿ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ದಾಸ್ತಾನು ಕಮ್ಮಿ ಇರುತ್ತದೆ, ಪುಡಿ ಶುರು ಮಾಡಿದಾಗ ಏರುವುದಕ್ಕೆ ಜಾಗ ಜಾಸ್ತಿ ಇರುತ್ತದೆ. ಭಾರ ಎತ್ತುವಂಥ ಜೋರಿನ ಕೆಲಸದ ಮೊದಲ ಕೆಲವು ಸೆಕೆಂಡುಗಳಲ್ಲಿ ಸ್ನಾಯುವಿಗೆ ಶಕ್ತಿ ಮರುಪೂರೈಸುವುದು ಈ ದಾಸ್ತಾನು. ಅದು ತುಂಬಿದ್ದರೆ ಕೊನೆಯ ಸೆಟ್‌ನಲ್ಲಿ ಇನ್ನೊಂದೆರಡು ರೆಪ್ ಬರುತ್ತವೆ. ಲಾಭ ಹುಡುಕಬೇಕಾದ್ದು ಅಲ್ಲಿ.

ಡಬ್ಬಿ, ಅಳತೆ

ಹಿಂಬದಿಯ ಪಟ್ಟಿಯಲ್ಲಿ 'ಕ್ರಿಯಾಟಿನ್ ಮೊನೊಹೈಡ್ರೇಟ್' ಒಂದೇ ಇರುವ ಪುಡಿ ಕೊಳ್ಳಿ. FSSAI ಪರವಾನಗಿ ಸಂಖ್ಯೆ ಇದೆಯೇ ನೋಡಿ. 'ಹೆಂಗಸರಿಗಾಗಿಯೇ' ಎಂದು ಬಣ್ಣ ಬದಲಿಸಿ ದುಬಾರಿಗೆ ಮಾರುವ ಡಬ್ಬಿಯ ಅಗತ್ಯವಿಲ್ಲ.

ದಿನಕ್ಕೆ 3ರಿಂದ 5 ಗ್ರಾಂ ಸಾಕು. ಒಳಗಿರುವ ಸ್ಕೂಪನ್ನು ಒಮ್ಮೆ ಅಡುಗೆಮನೆಯ ತೂಕದ ಯಂತ್ರದಲ್ಲಿ ಇಟ್ಟು ನೋಡಿ. ತಲೆಮಟ್ಟ ತುಂಬಿದ ಸ್ಕೂಪಿಗೂ ಗೋಪುರದ ಹಾಗೆ ತುಂಬಿದ ಸ್ಕೂಪಿಗೂ ಒಳ್ಳೆಯ ವ್ಯತ್ಯಾಸ ಬರುತ್ತದೆ. ತಣ್ಣೀರಿನಲ್ಲಿ ಪುಡಿ ಸರಿಯಾಗಿ ಕರಗದೆ ಲೋಟದ ತಳದಲ್ಲಿ ಮರಳಿನಂತೆ ಕೂರುತ್ತದೆ, ಅದನ್ನು ಚೆಲ್ಲಿದರೆ ಅರ್ಧ ಡೋಸ್ ಹೋದಂತೆ. ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಆಗಲೇ ಕುಡಿಯಿರಿ. ಮಜ್ಜಿಗೆಯಲ್ಲೋ ನಿಂಬೆ ಪಾನಕದಲ್ಲೋ ಕಲಸಿ ಬಾಟಲಿಯಲ್ಲಿ ಸಂಜೆವರೆಗೆ ಇಡಬೇಡಿ. ಹುಳಿ ದ್ರವದಲ್ಲಿ ಅದು ನಿಧಾನಕ್ಕೆ ಕೆಲಸಕ್ಕೆ ಬಾರದ ಕ್ರಿಯಾಟಿನಿನ್ ಆಗುತ್ತಾ ಹೋಗುತ್ತದೆ.

'ಲೋಡಿಂಗ್' ಎಂದು ಮೊದಲ ವಾರ ದಿನಕ್ಕೆ 20 ಗ್ರಾಂ, ನಾಲ್ಕು ಪಾಲು ಮಾಡಿ ತೆಗೆದುಕೊಳ್ಳುವವರಿದ್ದಾರೆ. ದಾಸ್ತಾನು ವಾರದಲ್ಲೇ ತುಂಬುತ್ತದೆ, ನಿಜ. ಆದರೆ ಹೊಟ್ಟೆ ಉಬ್ಬರ, ಭೇದಿ, ಒಂದೇ ವಾರದಲ್ಲಿ ನೀರಿನ ತೂಕ, ಎಲ್ಲ ಕಾಣಿಸಿಕೊಳ್ಳುವುದು ಹೆಚ್ಚಾಗಿ ಇದರಲ್ಲೇ. ದಿನಕ್ಕೆ 3 ಗ್ರಾಂ ತೆಗೆದುಕೊಂಡರೂ ಸುಮಾರು 4 ವಾರದಲ್ಲಿ ಅದೇ ಮಟ್ಟ ತಲುಪಬಹುದು. ಸ್ಪರ್ಧೆ ಹತ್ತಿರವಿಲ್ಲದಿದ್ದರೆ ಅವಸರ ಯಾಕೆ?

ಮುಟ್ಟಿನ ದಿನಗಳಲ್ಲೂ ಅಷ್ಟೇ ಡೋಸ್

ದಾಸ್ತಾನು ತುಂಬಲು ವಾರಗಳು ಬೇಕು, ಖಾಲಿಯಾಗಲೂ ವಾರಗಳು ಬೇಕು. ಆದ್ದರಿಂದ ಪಿರಿಯಡ್ಸ್ ಬಂದಾಗ ನಿಲ್ಲಿಸಿ, ಮುಗಿದ ಮೇಲೆ ಜಾಸ್ತಿ ಮಾಡಿ ಎನ್ನುವ ಸಲಹೆಗೆ ಅರ್ಥವಿಲ್ಲ. 28 ದಿನವೂ ಅಷ್ಟೇ.

ಬದಲಾಗುವುದು ನೀರು. ಅಂಡ ಬಿಡುಗಡೆಯಾದ ನಂತರದ ಎರಡು ವಾರಗಳಲ್ಲಿ ಪ್ರೊಜೆಸ್ಟರಾನ್ ಏರಿರುತ್ತದೆ. ಪಿರಿಯಡ್ಸ್ ಹತ್ತಿರವಾದಂತೆ ಹಲವರಿಗೆ ಕ್ರಿಯಾಟಿನ್ ಇಲ್ಲದೆಯೂ ಉಬ್ಬರಿಸಿದಂತೆ ಇರುತ್ತದೆ, ತೂಕದಲ್ಲೂ ಏರಿಳಿತ ಕಾಣುತ್ತದೆ. ಮೊದಲ ವಾರಗಳಲ್ಲಿ ಕ್ರಿಯಾಟಿನ್ ಕೂಡ ಸ್ನಾಯುವಿನೊಳಗೆ ಒಂದಿಷ್ಟು ನೀರು ಸೇರಿಸಬಹುದು, ಅದು ಕೊಬ್ಬಲ್ಲ. ಎರಡೂ ಒಂದೇ ವಾರದಲ್ಲಿ ಬಿದ್ದರೆ ತೂಕದ ಯಂತ್ರ ಹೆದರಿಸುತ್ತದೆ.

ಹಾಗಾಗಿ ಶುರು ಮಾಡುವ ಮುಂಚೆ ಒಂದು ಪೂರ್ತಿ ಚಕ್ರ ಸುಮ್ನೆ ಬರೆದಿಡಿ. 32 ವರ್ಷದ, ನಿಯಮಿತವಾಗಿ ಮುಟ್ಟಾಗುವ ಸಸ್ಯಾಹಾರಿ ಹೆಣ್ಣುಮಗಳೊಬ್ಬಳು ಎಂದುಕೊಳ್ಳಿ. ಮುಟ್ಟು ಶುರುವಾದ ದಿನದಿಂದ ಎಣಿಸಿ 6ನೇ ದಿನ ಮತ್ತು 22ನೇ ದಿನ, ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮೊದಲು ತೂಕ ನೋಡುತ್ತಾಳೆ. ಅದೇ ಎರಡು ದಿನ 12 ಕೆಜಿ ಡಂಬೆಲ್ ಎದೆಗೆ ಹಿಡಿದು ಮೂರು ಸೆಟ್ ಸ್ಕ್ವಾಟ್ ಮಾಡುತ್ತಾಳೆ, ನಡುವೆ ಗಡಿಯಾರ ನೋಡಿಕೊಂಡು 90 ಸೆಕೆಂಡ್ ವಿಶ್ರಾಂತಿ. 6ನೇ ದಿನ 10, 8, 7 ರೆಪ್ ಬಂದವು. 22ನೇ ದಿನ 10, 7, 6. ಮುಂದಿನ ಮುಟ್ಟಿನ 6ನೇ ದಿನದ ಪರೀಕ್ಷೆ ಮುಗಿಸಿ ಅಂದೇ 5 ಗ್ರಾಂ ಶುರು ಮಾಡುತ್ತಾಳೆ. ಅದರ ಮುಂದಿನ ಚಕ್ರದ 6ನೇ ದಿನಕ್ಕೆ ಪುಡಿ ಸುಮಾರು 4 ವಾರ ಒಳಹೋಗಿರುತ್ತದೆ. ಈಗ ಅವಳಿಗೆ 10, 10, 8 ಬಂದರೆ ಹೋಲಿಸಬೇಕಾದ್ದು ಹಿಂದಿನ 6ನೇ ದಿನಗಳ ಜೊತೆ ಮಾತ್ರ. 22ನ್ನು 22ರ ಜೊತೆ. ಮೊದಲ ಸೆಟ್ ಬದಲಾಗದೆ ಎರಡನೆಯದು, ಮೂರನೆಯದು ಏರಿದ್ದರೆ ಅದು ಕ್ರಿಯಾಟಿನ್ ಕೊಡುವ ಲಾಭದ ರೀತಿಯೇ. ಅಭ್ಯಾಸದಿಂದಲೂ ಒಂದಿಷ್ಟು ಏರುತ್ತದೆ, ಹಾಗಾಗಿ ಇನ್ನೊಂದು ಚಕ್ರ ನೋಡಿ ನಿರ್ಧರಿಸುವುದು ನ್ಯಾಯ.

ಎರಡು ಚಕ್ರವಾದರೂ ರೆಪ್ ಏರದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದರೆ, ರಕ್ತಸ್ರಾವವೂ ಜಾಸ್ತಿ ಇದ್ದರೆ, ಡೋಸ್ ಏರಿಸಬೇಡಿ. ಹಿಮೋಗ್ಲೋಬಿನ್, ಫೆರಿಟಿನ್ ಪರೀಕ್ಷೆ ಮಾಡಿಸಿ. ಕಬ್ಬಿಣದ ಕೊರತೆಯ ಸುಸ್ತಿಗೆ ಕ್ರಿಯಾಟಿನ್ ಮದ್ದಲ್ಲ.

ಮುಟ್ಟು ನಿಂತ ಮೇಲೆ

ಇಲ್ಲಿ ಜಾಹೀರಾತುಗಳು ಮೂಳೆಯ ಬಗ್ಗೆ ದೊಡ್ಡ ಮಾತಾಡುತ್ತವೆ. ಅದಕ್ಕೆ ಕಾರಣ ಕೆನಡಾದ ಒಂದು ಸಣ್ಣ ಪ್ರಯೋಗ. 2015ರಲ್ಲಿ ಪ್ರಕಟವಾದ ಅದರಲ್ಲಿ ಒಂದು ವರ್ಷ ಭಾರದ ವ್ಯಾಯಾಮದ ಜೊತೆ ಕ್ರಿಯಾಟಿನ್ ತೆಗೆದುಕೊಂಡವರಲ್ಲಿ ತೊಡೆಮೂಳೆಯ ಕುತ್ತಿಗೆಯ ಸಾಂದ್ರತೆ ಕಡಿಮೆ ಸವೆಯಿತು. ಅದೇ ಸಂಶೋಧಕರು ನಂತರ 237 ಮಹಿಳೆಯರ ಮೇಲೆ ಎರಡು ವರ್ಷ ಪ್ರಯೋಗ ಮಾಡಿದರು. 2023ರ ಆ ವರದಿಯಲ್ಲಿ ಮೂಳೆ ಸಾಂದ್ರತೆಗೆ ಲಾಭ ಕಾಣಲಿಲ್ಲ, ತೊಡೆಮೂಳೆಯ ಆಕಾರದ ಕೆಲವು ಅಳತೆಗಳಲ್ಲಿ ಮಾತ್ರ ಸುಧಾರಣೆ ಇತ್ತು. ಬ್ರೆಜಿಲ್‌ನಲ್ಲಿ ಹಿರಿಯ ಹೆಂಗಸರು ವ್ಯಾಯಾಮವಿಲ್ಲದೆ ಎರಡು ವರ್ಷ ದಿನಕ್ಕೆ 3 ಗ್ರಾಂ ತೆಗೆದುಕೊಂಡರೂ ಮೂಳೆಗಾಗಲಿ ಸ್ನಾಯುವಿಗಾಗಲಿ ಏನೂ ಸಿಗಲಿಲ್ಲ. ಆದ್ದರಿಂದ ಮೂಳೆ ಸವೆತಕ್ಕೆ ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಿ ಇದನ್ನು ಹಿಡಿಯುವುದು ಖಂಡಿತ ಬೇಡ.

60ರ ಆಸುಪಾಸಿನ ಅಮ್ಮನಿಗೆ ಕೊಡಿಸುವುದಾದರೆ, ಮೊದಲು ವಾರಕ್ಕೆ ಎರಡು ಮೂರು ದಿನದ ವ್ಯಾಯಾಮ ನೆಲೆಗೊಳ್ಳಲಿ. ಕುರ್ಚಿಯಿಂದ ಏಳುವುದು, ಗೋಡೆಗೆ ಕೈಯೂರಿ ತಳ್ಳುವುದು, ರಬ್ಬರ್ ಪಟ್ಟಿ ಎಳೆಯುವುದು ಸಾಕು, ಸುಲಭವಾದಂತೆ ಭಾರ ಏರಿಸಬೇಕು. ಆಮೇಲೆ 3 ಗ್ರಾಂನಿಂದ ಶುರು ಮಾಡಿ, ಹೊಟ್ಟೆ ಒಪ್ಪಿದರೆ 5ಕ್ಕೆ ಹೋಗಲಿ. ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದರು ಎಂದು ತಿಂಗಳಿಗೊಮ್ಮೆ ಎಣಿಸಿ. ಕುರ್ಚಿ ಅದೇ ಇರಲಿ, ಗೋಡೆಗೆ ಒತ್ತಿಟ್ಟಿರಲಿ.

ರಕ್ತ ಪರೀಕ್ಷೆಯ ಗೊಂದಲ

ಕ್ರಿಯಾಟಿನ್ ದೇಹದಲ್ಲಿ ಒಡೆದು ಕ್ರಿಯಾಟಿನಿನ್ ಆಗುತ್ತದೆ. ಲ್ಯಾಬ್‌ನವರು ಕಿಡ್ನಿಯ ಕೆಲಸ ಅಳೆಯುವುದೂ ಅದರಿಂದಲೇ. ಆದ್ದರಿಂದ ಕಿಡ್ನಿ ಚೆನ್ನಾಗಿದ್ದರೂ ವರದಿಯಲ್ಲಿ ಸಂಖ್ಯೆ ಸ್ವಲ್ಪ ಏರಿ ಮನೆಯವರೆಲ್ಲ ಗಾಬರಿಯಾಗಬಹುದು. ಶುರು ಮಾಡುವ ಮೊದಲೇ ಒಂದು ಪರೀಕ್ಷೆ ಮಾಡಿಸಿಟ್ಟುಕೊಳ್ಳಿ. ಪುಡಿ ತೆಗೆದುಕೊಳ್ಳುತ್ತಿರುವುದನ್ನು ಡಾಕ್ಟರಿಗೆ ಹೇಳಿ. ಅನುಮಾನ ಬಂದರೆ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ಪರೀಕ್ಷೆಯಿದೆ, ಅದಕ್ಕೆ ಈ ತೊಡಕಿಲ್ಲ. ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, ಹಾಲೂಡಿಸುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ, ದಿನಾ ನೋವಿನ ಮಾತ್ರೆ ನುಂಗುವವರೂ ಅಷ್ಟೇ.

ಬೇಡವೆನಿಸಿದರೆ ಒಂದೇ ದಿನ ನಿಲ್ಲಿಸಬಹುದು, ಹಂತಹಂತವಾಗಿ ಇಳಿಸಬೇಕಿಲ್ಲ. ದಾಸ್ತಾನು 4ರಿಂದ 6 ವಾರದಲ್ಲಿ ಹಳೆಯ ಮಟ್ಟಕ್ಕೆ ಬರುತ್ತದೆ. ಪುಡಿಯಿಂದ ಸೇರಿದ್ದ ನೀರಿನ ತೂಕವೂ ಅದರ ಜೊತೆಗೇ ಇಳಿಯುತ್ತದೆ.